ಎರಡು ದಿನ, ಎಂಟು ಜನ, ಒಂದು ಮೈಸೂರು: ನೆಂಟರಿಗೆ ಸುಸ್ತಾಗದಂತೆ ಊರು ತೋರಿಸುವ ಕ್ರಮ

ಮೈಸೂರಿನಲ್ಲಿ ಮನೆ ಇದ್ದವರಿಗೆ ನೆಂಟರು ಬರುವುದು ಹೊಸದಲ್ಲ. ಶನಿವಾರ ಬೆಳಗ್ಗೆ ಬರುತ್ತಾರೆ, ಭಾನುವಾರ ರಾತ್ರಿ ಹೊರಡುತ್ತಾರೆ. ನಡುವೆ ಅರಮನೆ, ಬೆಟ್ಟ, ಮೃಗಾಲಯ, ಕೆ.ಆರ್.ಎಸ್., ಶ್ರೀರಂಗಪಟ್ಟಣ ಎಲ್ಲ ಆಗಬೇಕು ಎಂಬ ಪಟ್ಟಿ ಇರುತ್ತದೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ದೊಡ್ಡವರ ಮೊಣಕಾಲು ಊದಿರುತ್ತದೆ, ಮಕ್ಕಳು ಅಳುತ್ತಿರುತ್ತಾರೆ, ಮನೆಯವರು ಅಡುಗೆಮನೆ ಬಿಟ್ಟು ಹೊರಗೆ ಬಂದೇ ಇರುವುದಿಲ್ಲ.

ಇದಕ್ಕೆ ಕಾರಣ ನೋಡುವ ಜಾಗಗಳು ಹೆಚ್ಚಾದದ್ದು ಎಂದೇ ಎಲ್ಲರೂ ಹೇಳುತ್ತಾರೆ. ಅದು ಅರ್ಧ ನಿಜ. ಆಯಾಸ ತರುವುದು ನಿಂತುಕೊಂಡ ಹೊತ್ತು ಮತ್ತು ಹೊರಟು ನಿಲ್ಲುವ ಗದ್ದಲ. ಚಪ್ಪಲಿ ಬಿಡುವುದು, ಸಾಲಿನಲ್ಲಿ ನಿಲ್ಲುವುದು, ವಾಹನ ನಿಲ್ಲಿಸಲು ಜಾಗ ಹುಡುಕುವುದು, ಎಂಟು ಜನರನ್ನು ಮತ್ತೆ ಒಟ್ಟುಗೂಡಿಸುವುದು, ಇವೆಲ್ಲ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಆದರೆ ದಿನದ ಅರ್ಧವನ್ನು ತಿನ್ನುವುದು ಇವೇ. ಹಾಗಾಗಿ ಈ ಲೇಖನದಲ್ಲಿ ಲೆಕ್ಕ ಹಾಕುವುದು ಜಾಗಗಳನ್ನಲ್ಲ, ಕಾಲ ಮೇಲೆ ನಿಂತ ಗಂಟೆಗಳನ್ನು.

ಉದಾಹರಣೆಗೆ ಒಂದು ಮನೆಯನ್ನು ಇಟ್ಟುಕೊಳ್ಳೋಣ. ಕುವೆಂಪುನಗರದಲ್ಲಿ ಗಂಡ, ಹೆಂಡತಿ, ಹನ್ನೆರಡು ವರ್ಷದ ಮಗ. ಹುಬ್ಬಳ್ಳಿಯಿಂದ ಬರುವವರು ಐದು ಜನ: ಹೆಂಡತಿಯ ಚಿಕ್ಕಮ್ಮ, ವಯಸ್ಸು 66, ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಅವರ ಮಗ, ಸೊಸೆ, ಒಂಬತ್ತು ಮತ್ತು ನಾಲ್ಕು ವರ್ಷದ ಇಬ್ಬರು ಮಕ್ಕಳು. ಮನೆಯಲ್ಲಿ ಒಂದು ಕಾರು ಇದೆ. ಒಂದೇ ಸ್ನಾನದ ಮನೆಯಲ್ಲಿ ಬಿಸಿನೀರು ಬರುತ್ತದೆ.

ಟಿಕೆಟ್ ತೆಗೆಯುವ ಮೊದಲೇ ಒಂದು ಫೋನ್

ನೆಂಟರು ರೈಲಿನ ಟಿಕೆಟ್ ತೆಗೆಯುವ ಮೊದಲು ಒಂದು ಮಾತು ಹೇಳಿ: ಭಾನುವಾರ ರಾತ್ರಿ ಹತ್ತರ ನಂತರ ಹೊರಡುವ ರೈಲು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಕಾರಣ ಅರಮನೆಯ ದೀಪಗಳು. ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಸಂಜೆ 7 ಗಂಟೆಗೆ ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹತ್ತಿಕೊಳ್ಳುತ್ತವೆ. ಶನಿವಾರ ಧ್ವನಿ-ಬೆಳಕು ಪ್ರದರ್ಶನ ಮುಗಿದ ಮೇಲೆ ಸ್ವಲ್ಪ ಹೊತ್ತು ಮಾತ್ರ ದೀಪ ಹತ್ತುತ್ತದೆ. ಎರಡು ದಿನದ ಭೇಟಿಯಲ್ಲಿ ಇದೊಂದಕ್ಕೆ ಮಾತ್ರ ಸಮಯ ಬದಲಿಸಲು ಆಗುವುದಿಲ್ಲ. ಆದ್ದರಿಂದ ಇದನ್ನು ಮೊದಲು ಗೂಟ ಹೊಡೆದು ನಿಲ್ಲಿಸಿ, ಉಳಿದದ್ದನ್ನು ಅದರ ಸುತ್ತ ಕಟ್ಟಬೇಕು. ಸಂಜೆ ಏಳರ ಆಸುಪಾಸಿನ ರೈಲೇ ಸಿಕ್ಕಿದ್ದರೆ ದೀಪದ ಆಸೆ ಬಿಡಿ. ಲಗೇಜು ಕಾರಿನಲ್ಲಿಟ್ಟುಕೊಂಡು ಐದು ನಿಮಿಷ ನೋಡಿ ಓಡೋಣ ಎಂದು ಹೊರಟರೆ ಕೆ.ಆರ್. ಸರ್ಕಲ್ ಸುತ್ತಿನ ಜನಸಂದಣಿಯಲ್ಲಿ ರೈಲು ತಪ್ಪುತ್ತದೆ.

ಅದೇ ಫೋನಿನಲ್ಲಿ ಎರಡು ಪ್ರಶ್ನೆ ಕೇಳಬೇಕು. ಮೊದಲನೆಯದು ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ: "ಯಾವ ಒಂದು ಜಾಗ ನೋಡದೆ ಹೋದರೆ ಬೇಜಾರಾಗುತ್ತದೆ?" ಎಲ್ಲಿಗೆ ಹೋಗೋಣ ಎಂದು ಕೇಳಿದರೆ ಹತ್ತು ಹೆಸರು ಬರುತ್ತವೆ, ಒಂದು ಎಂದರೆ ಒಂದೇ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಚಿಕ್ಕಮ್ಮ ಚಾಮುಂಡಿ ಬೆಟ್ಟ ಎಂದರು, ಮಗ ಅರಮನೆ ಎಂದ, ಸೊಸೆ ಮೈಸೂರು ಸಿಲ್ಕ್ ಎಂದಳು, ಮಕ್ಕಳಿಬ್ಬರೂ ಮೃಗಾಲಯ ಎಂದರು. ನಾಲ್ಕು ಆಯಿತು. ಎರಡು ದಿನಕ್ಕೆ ಇದು ಸರಿಯಾದ ತೂಕ.

ಎರಡನೆಯ ಪ್ರಶ್ನೆ ಚಿಕ್ಕಮ್ಮನ ಬಗ್ಗೆ, ಆದರೆ ಕೇಳಬೇಕಾದದ್ದು ಸೊಸೆಯನ್ನು: ದಿನಾ ಎಷ್ಟು ದೂರ ನಡೆಯುತ್ತಾರೆ, ಎಷ್ಟು ಹೊತ್ತಿಗೆ ಕೂರಲೇಬೇಕಾಗುತ್ತದೆ, ಮೆಟ್ಟಿಲು ಹತ್ತುತ್ತಾರೋ, ಊಟ ಎಷ್ಟು ಹೊತ್ತಿಗೆ. ದೊಡ್ಡವರನ್ನೇ ಕೇಳಿದರೆ "ನನಗೇನಾಗೇದ, ಎಲ್ಲಾ ಕಡೆ ಬರ್ತೀನಿ" ಎಂಬ ಉತ್ತರ ಬರುತ್ತದೆ. ಅದನ್ನು ನಂಬಿ ಯೋಜನೆ ಹಾಕಬೇಡಿ. ಇಪ್ಪತ್ತು ನಿಮಿಷ ನಡೆದರೆ ಕೂರುತ್ತಾರೆ, ಮಧ್ಯಾಹ್ನ ಒಂದರೊಳಗೆ ಊಟ ಆಗಬೇಕು ಎಂಬ ಉತ್ತರ ಸೊಸೆಯಿಂದ ಬಂದಿತೆನ್ನಿ. ಹಾಗಾದರೆ ಚಿಕ್ಕಮ್ಮನಿಗೆ ಒಂದು ದಿನಕ್ಕೆ ಕಾಲ ಮೇಲಿನ ಹೊತ್ತು ಎರಡೂವರೆ ಗಂಟೆಗಿಂತ ಹೆಚ್ಚಾಗಬಾರದು. ನಾಲ್ಕು ವರ್ಷದ ಮಗುವಿಗೂ ಹೆಚ್ಚು ಕಡಿಮೆ ಅಷ್ಟೇ.

ಜಾಗದ ನಿಜವಾದ ಬೆಲೆ

ಈಗ ಒಂದೊಂದು ಜಾಗಕ್ಕೂ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ ಎಂದು ನೋಡಬೇಕು.

ಅರಮನೆಯ ಒಳಗೆ ಸುತ್ತಲು ಒಂದೂವರೆ ಗಂಟೆ ಹಿಡಿಯಿರಿ. ಬೆಳಗ್ಗೆ 10ರಿಂದ ಸಂಜೆ 5.30ರವರೆಗೆ ತೆರೆದಿರುತ್ತದೆ. ಪ್ರವಾಸಿಗರು ಒಳಹೋಗುವುದು ದಕ್ಷಿಣದ ವರಾಹ ದ್ವಾರದಿಂದ. ಚಪ್ಪಲಿ ಹೊರಗೆ ಬಿಟ್ಟು ಒಂದೇ ದಿಕ್ಕಿನಲ್ಲಿ ಸಾಗುವ ದಾರಿ ಅದು. ಬೊಂಬೆ ತೊಟ್ಟಿ, ಬಣ್ಣದ ಗಾಜಿನ ಕಲ್ಯಾಣ ಮಂಟಪ, ಮೇಲಿನ ದರ್ಬಾರ್ ಹಾಲ್, ಹೀಗೆ ಹಿಂದಿನವರು ತಳ್ಳುತ್ತಿದ್ದಂತೆ ಮುಂದೆ ಹೋಗುತ್ತಿರಬೇಕು. ಬೇಕೆಂದಾಗ ಕೂರುವ ಅವಕಾಶ ಒಳಗೆ ಕಡಿಮೆ, ಮೇಲೆ ಹೋಗಲು ಮೆಟ್ಟಿಲಿದೆ. ಮೊಣಕಾಲು ನೋವಿನವರಿಗೆ ಇದು ಇಡೀ ಪಟ್ಟಿಯಲ್ಲೇ ಕಷ್ಟದ ಜಾಗ, ಯಾರೂ ಹಾಗೆಂದುಕೊಳ್ಳದಿದ್ದರೂ. ಬರಿಗಾಲಿನಲ್ಲಿ ಗಟ್ಟಿ ನೆಲದ ಮೇಲೆ ಒಂದೂವರೆ ಗಂಟೆ ಎಂದರೆ ಪಾದಕ್ಕೂ ಮಂಡಿಗೂ ಪೆಟ್ಟು. ದಪ್ಪನೆಯ ಒಂದು ಜೊತೆ ಸಾಕ್ಸ್ ಕೈಚೀಲದಲ್ಲಿಟ್ಟುಕೊಂಡರೆ ತುಂಬ ಉಪಕಾರ. ಬೇಸಿಗೆಯಲ್ಲಿ ಹೊರಗಿನ ಕಲ್ಲು ಸುಡುವಾಗ ಅದರ ಬೆಲೆ ಗೊತ್ತಾಗುತ್ತದೆ. ಗಾಲಿಕುರ್ಚಿ ಬೇಕೆನಿಸಿದರೆ ಟಿಕೆಟ್ ಕೌಂಟರಿನಲ್ಲೇ ವಿಚಾರಿಸಿ, ಒಳಗೆ ಹೋದ ಮೇಲೆ ಹುಡುಕಬೇಡಿ.

ಚಾಮುಂಡಿ ಬೆಟ್ಟ ಬೆಳಗ್ಗೆ ಬೇಗ ಹೋದರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಹತ್ತರ ಮೇಲೆ ಹೋದರೆ ಎರಡು ಗಂಟೆಯೂ ಆಗಬಹುದು. ನಡುವಿನ ವ್ಯತ್ಯಾಸ ಪೂರ್ತಿ ಸಾಲಿನದೇ.

ಮೃಗಾಲಯ ಮೂರು ಗಂಟೆ. ಒಳಗಿನ ದಾರಿ ಸುಮಾರು ಮೂರು ಕಿಲೋಮೀಟರ್. ಅರ್ಧಕ್ಕೆ ಬಂದಾಗ ಸಾಕೆನಿಸಿದರೆ ಮುಂದೆ ಹೋದರೂ ಅಷ್ಟೇ ದೂರ, ಹಿಂದೆ ಬಂದರೂ ಅಷ್ಟೇ ದೂರ. ದಣಿವಾದಾಗ ಸಟ್ಟನೆ ಹೊರಬೀಳಲಾಗದ ಜಾಗ ಇದು. ಚಿಕ್ಕಮ್ಮನ ದಿನದ ಪಾಲು ಇಲ್ಲೊಂದರಲ್ಲೇ ಮುಗಿದು ಮೀರುತ್ತದೆ.

ಇನ್ನು ಕೆ.ಆರ್.ಎಸ್. ಎಲ್ಲರ ಬಾಯಲ್ಲೂ ಬರುವ ಹೆಸರು. ಊರಿನಿಂದ ಇಪ್ಪತ್ತು ಕಿಲೋಮೀಟರ್ ಅಷ್ಟೇ, ಹೋಗಿ ಬರೋಣ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ: ಸಂಗೀತ ಕಾರಂಜಿ ಶುರುವಾಗುವುದು ಕತ್ತಲಾದ ಮೇಲೆ. ಜಾಗ ಸಿಗಬೇಕಾದರೆ ಐದಕ್ಕೆ ಅಲ್ಲಿರಬೇಕು, ಅಂದರೆ ನಾಲ್ಕಕ್ಕೆ ಮನೆ ಬಿಡಬೇಕು. ವಾಹನ ನಿಲ್ಲಿಸಿದಲ್ಲಿಂದ ಕಾರಂಜಿಯವರೆಗೆ ಬೃಂದಾವನ ಉದ್ಯಾನದ ಉದ್ದಕ್ಕೂ ನಡೆಯಬೇಕು, ಮೆಟ್ಟಿಲುಗಳಿವೆ, ಹಿಂದಿರುಗುವುದು ಕತ್ತಲಲ್ಲಿ, ಜನರ ನೂಕಿನಲ್ಲಿ. ಕಾರಂಜಿ ನಿಂತ ಕೂಡಲೇ ಎಲ್ಲ ವಾಹನಗಳೂ ಒಟ್ಟಿಗೆ ಹೊರಡುತ್ತವೆ. ಮನೆ ಸೇರುವಾಗ ಒಂಬತ್ತೂವರೆ, ಆಮೇಲೆ ಊಟ. ಒಟ್ಟು ಐದೂವರೆ ಗಂಟೆ ಒಂದೇ ಜಾಗಕ್ಕೆ. ಯಾರಾದರೂ ಅದೇ ಬೇಕೆಂದರೆ ಹೋಗಬಾರದು ಎಂದಲ್ಲ. ಶನಿವಾರ ಸಂಜೆ ಪೂರ್ತಿ ಅದಕ್ಕೇ ಕೊಡಿ, ಅವತ್ತು ಬೇರೇನೂ ಇಟ್ಟುಕೊಳ್ಳಬೇಡಿ, ಮುಖ್ಯವಾಗಿ ಮರುದಿನ ಬೆಳಗ್ಗೆ ಬೆಟ್ಟ ಇಟ್ಟುಕೊಳ್ಳಬೇಡಿ. ನಮ್ಮ ಉದಾಹರಣೆಯಲ್ಲಿ ಯಾರೂ ಕೇಳಿಲ್ಲ, ನಾವೂ ನೆನಪಿಸುವುದಿಲ್ಲ.

ಶುಕ್ರವಾರ ರಾತ್ರಿ ಮುಗಿಸಿಡುವ ಕೆಲಸ

ನೆಂಟರ ಸುಸ್ತಿಗಿಂತ ಮೊದಲು ತಪ್ಪಿಸಬೇಕಾದದ್ದು ಮನೆಯವರ ಸುಸ್ತು. ಮೂರು ಹೊತ್ತೂ ಎಂಟು ಜನಕ್ಕೆ ಬಿಸಿಬಿಸಿ ಅಡುಗೆ ಮಾಡುವ ಹಟ ಬಿಟ್ಟರೆ ಅರ್ಧ ಕೆಲಸ ಕಮ್ಮಿ.

ಮಧ್ಯಾಹ್ನದ ಊಟ ಎರಡೂ ದಿನ ಮನೆಯಲ್ಲೇ ಇರಲಿ, ಏಕೆಂದರೆ ಊಟವಾದ ಕೂಡಲೇ ಮಲಗಲು ಹಾಸಿಗೆ ಬೇಕು. ಶನಿವಾರ ಬಿಸಿಬೇಳೆಭಾತ್, ಮೊಸರನ್ನ. ಭಾನುವಾರ ಅನ್ನ, ಸಾರು, ಒಂದು ಪಲ್ಯ. ಸಾರಿನ ಬೇಳೆ ಬೇಯಿಸಿ ಫ್ರಿಜ್‌ನಲ್ಲಿಟ್ಟಿರಬಹುದು. ಶನಿವಾರ ರಾತ್ರಿ ಊಟ ಹೊರಗೆ. ಭಾನುವಾರದ ತಿಂಡಿಗೆ ದೋಸೆ: ಮೂರು ಪಾವು ಅಕ್ಕಿ, ಮುಕ್ಕಾಲು ಪಾವು ಉದ್ದಿನಬೇಳೆ, ಒಂದು ಚಮಚ ಮೆಂತ್ಯ ನೆನೆಸಿ ರುಬ್ಬಿದರೆ ಮೂವತ್ತರಷ್ಟು ದೋಸೆ ಬರುತ್ತವೆ, ಎಂಟು ಜನಕ್ಕೆ ಸಾಕು. ಶನಿವಾರ ಮಧ್ಯಾಹ್ನ ಎಲ್ಲರೂ ಮಲಗಿದಾಗ ರುಬ್ಬಿಡಿ. ಶುಕ್ರವಾರವೇ ರುಬ್ಬಿದರೆ ಭಾನುವಾರಕ್ಕೆ ಹುಳಿಯಾಗುತ್ತದೆ.

ಹುಬ್ಬಳ್ಳಿ ಕಡೆಯವರಿಗೆ ಬೆಳಗ್ಗೆ ಎದ್ದ ಕೂಡಲೇ ಚಹಾ ಬೇಕು. ಕಾಫಿ ಮನೆಯಾದರೆ ಒಳ್ಳೆಯ ಚಹಾಪುಡಿ ಒಂದು ಪೊಟ್ಟಣ ತಂದಿಡಿ. ಎರಡು ಹೊತ್ತೂ ಅನ್ನವೇ ಆದರೆ ಅವರಿಗೆ ಊಟ ಮಾಡಿದಂತೆ ಅನ್ನಿಸುವುದಿಲ್ಲ, ಒಂದು ಹೊತ್ತು ಚಪಾತಿ ಇರಲಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಅವರೇ ತಂದಿರುತ್ತಾರೆ. ಸಂಕೋಚ ಬೇಡ, ಡಬ್ಬಿ ಬಿಚ್ಚಿಸಿ ಊಟಕ್ಕೆ ಹಾಕಿಕೊಳ್ಳಿ. ಅವರಿಗೂ ಖುಷಿ, ನಿಮಗೂ ಒಂದು ಪದಾರ್ಥ ಕಮ್ಮಿ.

ಸ್ನಾನದ ಸರದಿ ಚಿಕ್ಕ ವಿಷಯವೆನಿಸುತ್ತದೆ, ಆದರೆ ಬೆಳಗಿನ ಎರಡು ಗಂಟೆ ನುಂಗುವುದು ಅದೇ. ಹದಿನೈದು ಲೀಟರಿನ ಗೀಸರ್ ಆದರೆ ಒಂದು ಸಲಕ್ಕೆ ಒಬ್ಬರಿಗೆ, ಹೆಚ್ಚೆಂದರೆ ಒಬ್ಬ ದೊಡ್ಡವರಿಗೂ ಒಂದು ಮಗುವಿಗೂ ಸಾಕಾಗುತ್ತದೆ. ಮತ್ತೆ ಕಾಯಲು ಇಪ್ಪತ್ತು ನಿಮಿಷ. ಎಂಟು ಜನ ಸಾಲಾಗಿ ನಿಂತರೆ ಎರಡೂವರೆ ಗಂಟೆ. ಆದ್ದರಿಂದ ಮನೆಯ ಮೂವರೂ ಶನಿವಾರ ನೆಂಟರು ಬರುವ ಮುಂಚೆಯೇ ಸ್ನಾನ ಮುಗಿಸಬೇಕು, ಭಾನುವಾರ ಬೆಟ್ಟಕ್ಕೆ ಹೋಗದವರು ಬೆಳಗ್ಗೆ ಸರದಿಗೆ ಬರಬಾರದು.

ಶನಿವಾರ

ರಾತ್ರಿ ರೈಲಿನಲ್ಲಿ ಬಂದವರು ಮಲಗಿದ್ದೆವು ಎನ್ನುತ್ತಾರೆ, ಆದರೆ ನಿದ್ದೆ ಆಗಿರುವುದಿಲ್ಲ. ಬೆಳಗ್ಗೆ ಬಂದ ಹುರುಪಿನಲ್ಲಿ "ತಿಂಡಿ ತಿಂದು ಹೊರಟುಬಿಡೋಣ" ಎಂದು ಮಗ ಹೇಳುವುದು ಖಂಡಿತ. ಒಪ್ಪಬೇಡಿ. ಎರಡು ದಿನ ಕೆಡುವುದು ಸಾಮಾನ್ಯವಾಗಿ ಈ ಒಂದು ನಿರ್ಧಾರದಿಂದ. ಹತ್ತಕ್ಕೆ ಹೊರಟರೆ ಹನ್ನೊಂದರಿಂದ ಒಂದರವರೆಗೆ ಅರಮನೆಯ ಅತಿ ಹೆಚ್ಚು ಜನ, ಅತಿ ಹೆಚ್ಚು ಬಿಸಿಲು ಎರಡೂ ಒಟ್ಟಿಗೆ ಸಿಗುತ್ತವೆ. ಊಟ ಎರಡೂವರೆಗೆ ಜಾರುತ್ತದೆ, ಚಿಕ್ಕಮ್ಮನ ಸಕ್ಕರೆ ಏರುಪೇರಾಗುತ್ತದೆ, ಮಧ್ಯಾಹ್ನ ಮಲಗಿದವರು ಆರಕ್ಕೆ ಏಳುತ್ತಾರೆ.

ಬೆಳಗ್ಗೆ ಮನೆಯಲ್ಲೇ ಇರಲಿ. ಉಪ್ಪಿಟ್ಟು, ಚಹಾ, ಸ್ನಾನ, ಮಾತು. ನಿದ್ದೆ ಬೇಕಾದವರು ಮಲಗಲಿ. ಕೂರಲಾಗದ ಒಂಬತ್ತು ವರ್ಷದವನನ್ನು ನಿಮ್ಮ ಮಗ ಹತ್ತಿರದ ಪಾರ್ಕಿಗೋ ಆಟದ ಮೈದಾನಕ್ಕೋ ಕರೆದೊಯ್ಯಲಿ. ಸಿಲ್ಕ್ ಸೀರೆಯ ಕೆಲಸವನ್ನೂ ಈಗಲೇ ಮುಗಿಸಬಹುದು: ಸೊಸೆ ಮತ್ತು ಮನೆಯ ಹೆಂಗಸು ಇಬ್ಬರೇ ಆಟೋದಲ್ಲಿ ಕೆ.ಎಸ್.ಐ.ಸಿ. ಮಳಿಗೆಗೆ ಹೋಗಿ ಹನ್ನೆರಡಕ್ಕೆ ವಾಪಸ್. ಸೀರೆ ಆರಿಸುವುದಕ್ಕೆ ಒಂದೂವರೆ ಗಂಟೆ ಬೇಕೇ ಬೇಕು. ಆ ಹೊತ್ತು ಗಂಡಸರನ್ನೂ ಮಕ್ಕಳನ್ನೂ ಅಂಗಡಿಯ ಬೆಂಚಿನ ಮೇಲೆ ಕೂರಿಸುವುದರಿಂದ ಯಾರಿಗೂ ಲಾಭವಿಲ್ಲ. ಸೀರೆ ಕೊಳ್ಳುವವರಿಗೂ ಅವಸರವಾಗಿ ಮೊದಲು ಕಂಡದ್ದನ್ನೇ ಕಟ್ಟಿಸಿಕೊಂಡು ಬರುತ್ತಾರೆ. ಮನೆಯ ಗಂಡಸು ಅಷ್ಟರಲ್ಲಿ ಬಿಸಿಬೇಳೆಭಾತಿನ ಕುಕ್ಕರ್ ಇಟ್ಟಿರಲಿ.

ಹನ್ನೆರಡೂವರೆಗೆ ಊಟ, ಒಂದೂವರೆಯಿಂದ ಮೂರರವರೆಗೆ ಕಡ್ಡಾಯ ವಿಶ್ರಾಂತಿ. ನಿದ್ದೆ ಬರದವರೂ ಕಾಲು ಚಾಚಿ ಮಲಗಲಿ.

ಮೂರೂಕಾಲಿಗೆ ಅರಮನೆಗೆ ಹೊರಡಿ. ಪ್ಯಾಕೇಜ್ ಬಸ್ಸುಗಳ ದಾರಿ ಬಹುಪಾಲು ಒಂದೇ: ಬೆಳಗ್ಗೆ ಬೆಟ್ಟ, ಮಧ್ಯಾಹ್ನ ಅರಮನೆ ಮತ್ತು ಮೃಗಾಲಯ, ಸಂಜೆ ಕೆ.ಆರ್.ಎಸ್. ನಾಲ್ಕರ ಹೊತ್ತಿಗೆ ಅವು ಉದ್ಯಾನದ ಕಡೆ ಹೊರಡುವುದರಿಂದ ಒಳಗಿನ ನೂಕು ಇಳಿಯುತ್ತದೆ. ಆದರೆ ನಾಲ್ಕೂವರೆಯ ನಂತರ ಟಿಕೆಟ್ ತೆಗೆಯುವಂತೆ ಮಾಡಿಕೊಳ್ಳಬೇಡಿ, ಮುಚ್ಚುವ ಹೊತ್ತಿಗೆ ಕಾವಲಿನವರು ಬೇಗ ನಡೆಯಿರಿ ಎಂದು ಅವಸರಿಸುತ್ತಾರೆ.

ವಾಹನದ ವಿಷಯ. ಎಂಟು ಜನಕ್ಕೆ ಒಂದು ಕಾರು ಸಾಲದು. ಹೇಗಾದರೂ ತುರುಕಿಕೊಂಡು ಹೋಗೋಣ ಎಂದರೆ ಮಗು ತೊಡೆಯ ಮೇಲೆ, ಚಿಕ್ಕಮ್ಮನ ಮಂಡಿ ಮಡಿಸಿಕೊಂಡೇ ಅರ್ಧ ಗಂಟೆ. ಕಾರಿನಲ್ಲಿ ಐದು, ಆಟೋದಲ್ಲಿ ಮೂರು ಎಂದು ಮೊದಲೇ ಹೆಸರು ಹಿಡಿದು ಹಂಚಿ. ಕಾರಿನವರು ವರಾಹ ದ್ವಾರದ ಬಳಿ ಚಿಕ್ಕಮ್ಮನನ್ನೂ ಸೊಸೆಯನ್ನೂ ಇಳಿಸಿ ಆಮೇಲೆ ವಾಹನ ನಿಲ್ಲಿಸಲು ಹೋಗಲಿ. ಆಟೋದವರು ಮೊದಲೇ ಬಂದು ಟಿಕೆಟ್ ಸಾಲಿನಲ್ಲಿ ನಿಂತಿರಲಿ. ಇಷ್ಟೇ ಮಾಡಿದರೆ ದೊಡ್ಡವರಿಗೆ ಇಪ್ಪತ್ತು ನಿಮಿಷ ನಿಲ್ಲುವುದು ಉಳಿಯುತ್ತದೆ.

ಕೌಂಟರಿನ ಮುಂದೆ "ನಾ ಕೊಡ್ತೀನಿ", "ಇಲ್ಲ ಇಲ್ಲ, ನೀವು ಸುಮ್ಮನಿರಿ" ಎಂಬ ಜಗಳ ಬೇಡವೆಂದಿದ್ದರೆ ಮನೆಯಲ್ಲೇ ತೀರ್ಮಾನಿಸಿ: ಟಿಕೆಟ್‌ಗಳು ನಮ್ಮವು, ಶನಿವಾರ ರಾತ್ರಿಯ ಊಟ ನಿಮ್ಮದು. ಏನನ್ನೂ ಕೊಡಲು ಬಿಡದಿದ್ದರೆ ನೆಂಟರಿಗೂ ಮುಜುಗರ, ಮುಂದಿನ ಸಲ ಬರಲು ಹಿಂಜರಿಯುತ್ತಾರೆ.

ಒಳಗೆ ಎಲ್ಲವನ್ನೂ ವಿವರಿಸಲು ಹೋಗಬೇಡಿ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿ, ಹೆನ್ರಿ ಇರ್ವಿನ್ ರೂಪಿಸಿದ ಈಗಿನ ಕಟ್ಟಡ 1912ರಲ್ಲಿ ಮುಗಿಯಿತು ಎಂಬುದಿಷ್ಟು ಸಾಕು. ನಿಲ್ಲಬೇಕಾದದ್ದು ಮೂರೇ ಕಡೆ: ಚಿನ್ನದ ಅಂಬಾರಿ, ಕಲ್ಯಾಣ ಮಂಟಪದ ನವಿಲಿನ ಗಾಜಿನ ಚಾವಣಿ, ದರ್ಬಾರ್ ಹಾಲ್. ಉಳಿದ ಕಡೆ ನಡೆಯುತ್ತಲೇ ನೋಡಬಹುದು. ಪ್ರತಿ ಚಿತ್ರದ ಕೆಳಗಿನ ಬರಹ ಓದುತ್ತ ಹೋದರೆ ದರ್ಬಾರ್ ಹಾಲಿನ ಹೊತ್ತಿಗೆ ಯಾರಿಗೂ ತಲೆ ಎತ್ತುವ ಶಕ್ತಿ ಇರುವುದಿಲ್ಲ, ಚೆಂದ ಇರುವುದು ಅಲ್ಲೇ.

ಐದೂವರೆಗೆ ಹೊರಬಂದ ಮೇಲೆ ಎಲ್ಲರೂ ಕೂರಬೇಕು. ತಿನ್ನಲು ಏನಾದರೂ, ಕುಡಿಯಲು ಏನಾದರೂ, ಇಪ್ಪತ್ತು ನಿಮಿಷ. ಇದಾದ ಮೇಲೆ ದೇವರಾಜ ಮಾರುಕಟ್ಟೆ ಐಚ್ಛಿಕ. ಹೋಗುವುದಾದರೆ ಕಾರು ಅಲ್ಲೇ ಬಿಟ್ಟು ಆಟೋದಲ್ಲಿ ಹೋಗಿ, ಸಯ್ಯಾಜಿ ರಾವ್ ರಸ್ತೆಯಲ್ಲಿ ಶನಿವಾರ ಸಂಜೆ ವಾಹನ ನಿಲ್ಲಿಸಲು ಜಾಗ ಹುಡುಕುವುದು ಬರೀ ಕಾಲಹರಣ. ಹೂವಿನ ಸಾಲು, ಕುಂಕುಮದ ರಾಶಿ, ಬಾಳೆಹಣ್ಣಿನ ಸಾಲು ನೋಡಿ, ಮಾರನೆಯ ದಿನದ ಬೆಟ್ಟಕ್ಕೆ ಮೈಸೂರು ಮಲ್ಲಿಗೆ, ವೀಳ್ಯದೆಲೆ ಕೊಂಡು ಮುಕ್ಕಾಲು ಗಂಟೆಯಲ್ಲಿ ಹೊರಬನ್ನಿ. ಚಿಕ್ಕಮ್ಮನ ಲೆಕ್ಕ ಇಲ್ಲಿಗೆ ಎರಡೂಕಾಲು ಗಂಟೆ. ಇನ್ನೊಂದು ಜಾಗ ಸೇರಿಸಲು ಎಡೆಯಿಲ್ಲ.

ರಾತ್ರಿ ಏಳೂವರೆಗೆ ದೋಸೆಯದೋ ಊಟದ್ದೋ ಹೋಟೆಲ್, ಎಂಟೂವರೆಗೆ ಮನೆ. ಹೆಸರಾದ ಪುಟ್ಟ ದೋಸೆ ಹೋಟೆಲುಗಳಲ್ಲಿ ಕುರ್ಚಿ ಹಿಂದೆ ನಿಂತು ಕಾಯಬೇಕಾಗುತ್ತದೆ. ಎಂಟು ಜನಕ್ಕೆ ಒಟ್ಟಿಗೆ ಜಾಗ ಸಿಗುವುದಿಲ್ಲ. ದೊಡ್ಡ ಹೋಟೆಲೇ ಇರಲಿ, ರುಚಿ ಸ್ವಲ್ಪ ಕಮ್ಮಿಯಾದರೂ. ಹತ್ತಕ್ಕೆ ದೀಪ ಆರಿಸಿ. ವರ್ಷಗಳ ಮೇಲೆ ಸಿಕ್ಕ ನೆಂಟರ ಮಾತು ಹನ್ನೆರಡಕ್ಕೂ ಮುಗಿಯದು, ಅದಕ್ಕೇ ಬೆಳಗ್ಗೆ ಮನೆಯಲ್ಲಿ ಮಾತಿಗೆ ಹೊತ್ತು ಇಟ್ಟದ್ದು.

ಭಾನುವಾರ: ಎರಡು ತಂಡ

ಎಲ್ಲರೂ ಎಲ್ಲ ಕಡೆಗೂ ಒಟ್ಟಿಗೇ ಹೋಗಬೇಕು ಎಂಬ ಹಂಬಲ ಭಾನುವಾರ ಬೆಳಗ್ಗೆ ಬಿಡಬೇಕು. ಬೆಟ್ಟ ಬೇಕಾದದ್ದು ಚಿಕ್ಕಮ್ಮನಿಗೆ, ಮೃಗಾಲಯ ಬೇಕಾದದ್ದು ಮಕ್ಕಳಿಗೆ. ಮಕ್ಕಳನ್ನು ಐದೂವರೆಗೆ ಎಬ್ಬಿಸಿ ಬೆಟ್ಟಕ್ಕೆ ಎಳೆದೊಯ್ದರೆ ಮೃಗಾಲಯದಲ್ಲಿ ಅವರನ್ನು ಎತ್ತಿಕೊಂಡೇ ತಿರುಗಬೇಕಾಗುತ್ತದೆ.

ಮೊದಲ ತಂಡ: ಚಿಕ್ಕಮ್ಮ, ಸೊಸೆ, ಮನೆಯ ಹೆಂಗಸು. ಕಾರಿನಲ್ಲಿ ಆರೂ ಮುಕ್ಕಾಲಿಗೆ ಹೊರಟರೆ ದೇವಸ್ಥಾನದ ಬಾಗಿಲು ತೆರೆಯುವ ಏಳೂವರೆಯ ಹೊತ್ತಿಗೆ ಸಾಲಿನ ಮುಂದೆಯೇ ಇರಬಹುದು. ಸುಮಾರು ಸಾವಿರ ಮೆಟ್ಟಿಲಿನ ಹಳೆಯ ದಾರಿಯ ಮಾತು ಯಾರಾದರೂ ತೆಗೆದರೆ, ಅದು ಹರಕೆ ಇದ್ದವರಿಗೆ. ವಾಹನ ನಿಲ್ಲಿಸುವ ಜಾಗದಿಂದ ಗುಡಿಯವರೆಗೆ ಅಂಗಡಿಸಾಲಿನ ನಡುವೆ ಸ್ವಲ್ಪ ನಡಿಗೆ ಇದೆ, ಬೆಳಗ್ಗೆ ತಂಪಿನಲ್ಲಿ ಕಷ್ಟವಾಗದು. ಧರ್ಮದರ್ಶನದ ಸಾಲು ಉದ್ದವಿದ್ದರೆ ವಿಶೇಷ ದರ್ಶನದ ಟಿಕೆಟ್ ತೆಗೆಯಿರಿ, ಆ ಹಣ ಮಂಡಿಗೆ ಕೊಟ್ಟ ಔಷಧ ಎಂದುಕೊಳ್ಳಿ. ಸಕ್ಕರೆ ಕಾಯಿಲೆಯವರು ದರ್ಶನವಾಗುವವರೆಗೆ ಏನೂ ತಿನ್ನುವುದಿಲ್ಲ ಎಂದು ಕೂರುವುದುಂಟು. ಮಾತ್ರೆ, ಇನ್ಸುಲಿನ್ ತೆಗೆದುಕೊಂಡು ಹೊಟ್ಟೆ ಖಾಲಿ ಇಟ್ಟುಕೊಂಡರೆ ಸಾಲಿನಲ್ಲೇ ಬೆವರು, ನಡುಕ ಬರಬಹುದು. ಅದರ ಕ್ರಮವೇನೆಂದು ಅವರ ವೈದ್ಯರನ್ನು ಮೊದಲೇ ಕೇಳಿರಲಿ, ಕೈಚೀಲದಲ್ಲಿ ಸಕ್ಕರೆಯೋ ಗ್ಲೂಕೋಸೋ ಇರಲಿ. ಇಳಿಯುವಾಗ ದೊಡ್ಡ ನಂದಿಯ ಕಡೆ ಕಾರು ತಿರುಗಿಸಿ ಹತ್ತು ನಿಮಿಷ. ಒಂದೇ ಬಂಡೆಯ ನಂದಿ, 17ನೇ ಶತಮಾನದ್ದು, ದೊಡ್ಡ ದೇವರಾಜ ಒಡೆಯರ ಕಾಲದ್ದು. ಒಂಬತ್ತೂವರೆಗೆ ಮನೆ, ದೋಸೆ, ಆಮೇಲೆ ಊಟದವರೆಗೆ ವಿಶ್ರಾಂತಿ.

ಆಷಾಢ ಶುಕ್ರವಾರಗಳ ಆಚೀಚಿನ ವಾರಾಂತ್ಯ, ದಸರಾ, ಹೊಸ ವರ್ಷದ ದಿನ, ಈ ಹೊತ್ತುಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಆಗ ಬೆಟ್ಟದ ಮೇಲೆ ಖಾಸಗಿ ವಾಹನಕ್ಕೆ ನಿರ್ಬಂಧವೂ ಇರಬಹುದು, ಹಿಂದಿನ ದಿನದ ಪತ್ರಿಕೆ ನೋಡಿಕೊಳ್ಳಿ. ದಸರಾದಲ್ಲಿ ಒಂದು ಅನುಕೂಲ: ಅರಮನೆಯ ದೀಪ ದಿನಾ ಸಂಜೆ ಇರುತ್ತದೆ, ಭಾನುವಾರಕ್ಕೆ ಕಟ್ಟುಬೀಳಬೇಕಿಲ್ಲ.

ಎರಡನೆಯ ತಂಡ: ಇಬ್ಬರು ಮಕ್ಕಳು, ಅವರ ಅಪ್ಪ, ಮನೆಯ ಗಂಡಸು, ಮಗ. ಎಂಟಕ್ಕೆ ಏಳಲಿ. ಮೊದಲ ದೋಸೆಗಳು ಇವರಿಗೆ, ಹಾಕುವ ಕೆಲಸ ಗಂಡಸರದು. ಒಂಬತ್ತರೊಳಗೆ ಎರಡು ಆಟೋದಲ್ಲಿ ಚಾಮರಾಜೇಂದ್ರ ಮೃಗಾಲಯ. ಬಾಗಿಲು ತೆರೆಯುವುದು 8.30ಕ್ಕೆ. 1892ರಲ್ಲಿ ಶುರುವಾದ ಈ ಮೃಗಾಲಯದಲ್ಲಿ ಹಳೆಯ ಮರಗಳ ನೆರಳು ಚೆನ್ನಾಗಿದೆ. ಆದರೂ ಪ್ರಾಣಿಗಳು ಓಡಾಡುವುದು ಬೆಳಗಿನ ತಂಪಿನಲ್ಲಿ, ಹನ್ನೊಂದಾದ ಮೇಲೆ ಹುಲಿ ಸಿಂಹಗಳ ಬೆನ್ನು ಮಾತ್ರ ಕಾಣುತ್ತದೆ. ಪ್ಲಾಸ್ಟಿಕ್ ಚೀಲ ಒಳಗೆ ಬಿಡುವುದಿಲ್ಲ, ಬಾಗಿಲಲ್ಲಿ ಚೀಲ ಬಿಚ್ಚಿಸುತ್ತಾರೆ. ಸ್ಟೀಲ್ ಬಾಟಲಿಯಲ್ಲಿ ನೀರು, ಬಟ್ಟೆಯ ಚೀಲ ಇದ್ದರೆ ತಕರಾರಿಲ್ಲ. ಬ್ಯಾಟರಿ ವಾಹನ ಬೇಕಿದ್ದರೆ ಒಳಹೋಗುವಾಗಲೇ ವಿಚಾರಿಸಿ. ಅರ್ಧ ದಾರಿಯಲ್ಲಿ ಮಗು ಕಾಲು ನೋವು ಎಂದಾಗ ಕೇಳಿದರೆ, ಭಾನುವಾರ ಅದು ತುಂಬಿಯೇ ಬರುತ್ತಿರುತ್ತದೆ. ನಾಲ್ಕು ವರ್ಷದವರಿಗೆ ಆನೆ, ಜಿರಾಫೆ, ಹುಲಿ ನೋಡಿದರೆ ಮೃಗಾಲಯ ಮುಗಿದಂತೆ. ಹಾವಿನ ಮನೆ, ಪಕ್ಷಿಗಳ ಬೋನುಗಳ ಮುಂದೆ ದೊಡ್ಡವರು ನಿಲ್ಲದೆ ಸಾಗಿದರೆ ಹನ್ನೆರಡಕ್ಕೆ ಹೊರಬೀಳಬಹುದು. ಪಕ್ಕದಲ್ಲೇ ಕಾರಂಜಿ ಕೆರೆ ಇದೆಯಲ್ಲ, ಅದನ್ನೂ ಮುಗಿಸೋಣ ಎನ್ನಿಸುತ್ತದೆ. ಬೇಡ. ರಜಾದಿನಕ್ಕಾಗಿ ಶನಿವಾರ, ಭಾನುವಾರದ ಬದಲು ಸೋಮವಾರ, ಮಂಗಳವಾರ ಬರುವವರಿದ್ದರೆ ನೆನಪಿಡಿ: ಮಂಗಳವಾರ ಎರಡಕ್ಕೂ ರಜೆ.

ಹನ್ನೆರಡೂವರೆಗೆ ಎಲ್ಲರೂ ಮನೆಯಲ್ಲಿ. ಒಂದರೊಳಗೆ ಊಟ, ಮತ್ತೆ ಮಲಗುವುದು. ನಾಲ್ಕಕ್ಕೆ ಚಹಾ, ಐದರೊಳಗೆ ಲಗೇಜು ಪೂರ್ತಿ ಕಟ್ಟಿ ಬಾಗಿಲ ಬಳಿ ಇಡಿಸಿ. ದೀಪ ನೋಡಿ ಬಂದ ಮೇಲೆ ಕಟ್ಟೋಣ ಎಂದರೆ ಚಾರ್ಜರ್, ಮಾತ್ರೆ ಡಬ್ಬಿ, ಮಗುವಿನ ಒಂದು ಚಪ್ಪಲಿ ನಿಮ್ಮ ಮನೆಯಲ್ಲೇ ಉಳಿಯುತ್ತವೆ.

ಆರೂಕಾಲಿಗೆ ಅರಮನೆ ಕಡೆ. ದೀಪಕ್ಕಾಗಿ ಭಾನುವಾರ ಸಂಜೆ ಅಂಗಳಕ್ಕೆ ಟಿಕೆಟ್ ಇಲ್ಲದೆ ಬಿಡುತ್ತಾರೆ, ಪೊಲೀಸ್ ಬ್ಯಾಂಡ್ ನುಡಿಸುವುದೂ ಉಂಟು. ಆರೂ ಮುಕ್ಕಾಲಿಗೆ ಒಳಗಿದ್ದರೆ ಚಿಕ್ಕಮ್ಮನಿಗೆ ಒಂದು ಕಟ್ಟೆಯ ಅಂಚಾದರೂ ಸಿಗುತ್ತದೆ. ಮಡಚುವ ಸಣ್ಣ ಸ್ಟೂಲ್ ಕಾರಿನಲ್ಲಿದ್ದರೆ ಇನ್ನೂ ಒಳ್ಳೆಯದು. ಮಗುವಿನ ಜೇಬಿನಲ್ಲಿ ಒಂದು ಫೋನ್ ನಂಬರ್ ಬರೆದ ಚೀಟಿ ಇರಲಿ, ಜನ ಸಾವಿರಾರು. ಬೇರೆ ಬೇರೆಯಾದರೆ ಸೇರುವ ಜಾಗವನ್ನು ಒಳಗೆ ಹೋಗುವಾಗಲೇ ತೋರಿಸಿಡಿ. ದೀಪ ಹತ್ತುವ ಕ್ಷಣವೇ ಮುಖ್ಯ. ಹತ್ತಿದ ಮೇಲೆ ಕಾಲು ಗಂಟೆ ನೋಡಿ, ಫೋಟೋ ತೆಗೆದು, ಏಳೂಕಾಲಿಗೇ ಹೊರಟುಬಿಡಿ. ದೀಪ ಆರುವವರೆಗೆ ನಿಂತರೆ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಆಟೋ ಸಿಗುವುದಿಲ್ಲ.

ಯೋಜನೆ ಕೆಟ್ಟಾಗ

ದಣಿವನ್ನು ದೊಡ್ಡವರು ಬಾಯಿಬಿಟ್ಟು ಹೇಳುವುದಿಲ್ಲ. ಚಿಕ್ಕಮ್ಮ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದರೆ, ಕಂಡ ಕಂಡ ಕಟ್ಟೆಯ ಮೇಲೆ ಕೂತರೆ, "ನೀವ್ ಹೋಗಿ ಬರ್ರಿ, ನಾ ಇಲ್ಲೇ ಕುಂದರ್ತೀನಿ" ಎಂದರೆ ದಿನ ಮುಗಿಯಿತೆಂದು ತಿಳಿಯಿರಿ. ಒಬ್ಬರು ಅವರ ಜೊತೆ ಕೂರಬೇಕು ಅಥವಾ ಎಲ್ಲರೂ ಮನೆಗೆ ಹೊರಡಬೇಕು. ಇನ್ನೊಂದೇ ಜಾಗ ಎಂದು ಒತ್ತಾಯಿಸಬಾರದು. ಮಕ್ಕಳ ಸುಳಿವು ಬೇರೆ: ಕೇಳಿದ್ದನ್ನು ಕೊಡಿಸಿದರೂ ಅಳು ನಿಲ್ಲದಿದ್ದರೆ ಅದು ನಿದ್ದೆ.

ಯಾವುದನ್ನು ಬಿಡಬೇಕೆಂಬುದನ್ನು ಶುಕ್ರವಾರವೇ ಗಂಡಹೆಂಡತಿ ಮಾತಾಡಿಕೊಂಡಿರಬೇಕು, ರಸ್ತೆಯಲ್ಲಿ ನಿಂತು ಚರ್ಚಿಸುವ ವಿಷಯವಲ್ಲ. ಈ ಮನೆಯಲ್ಲಿ ಮೊದಲು ಕೈಬಿಡುವುದು ಮಾರುಕಟ್ಟೆ, ಆಮೇಲೆ ಹೊರಗಿನ ರಾತ್ರಿ ಊಟ, ಅದಕ್ಕೆ ಬದಲು ಪಾರ್ಸೆಲ್. ಐವರೂ ಕೇಳಿದ ನಾಲ್ಕನ್ನು ಕೊನೆಯವರೆಗೂ ಉಳಿಸಿಕೊಳ್ಳಬೇಕು. ರೈಲು ತಡವಾಗಿ ಹನ್ನೊಂದಕ್ಕೆ ಬಂದರೂ ಶನಿವಾರ ಸಂಜೆಯ ಅರಮನೆಗೆ ಏನೂ ತೊಂದರೆಯಿಲ್ಲ, ಬೆಳಗ್ಗೆ ಖಾಲಿ ಇಟ್ಟದ್ದರ ಇನ್ನೊಂದು ಲಾಭ ಅದು. ಸೀರೆಯನ್ನು ಮಾತ್ರ ಭಾನುವಾರ ಸಂಜೆ ನಾಲ್ಕರ ನಂತರಕ್ಕೆ ಸರಿಸಬೇಕಾಗುತ್ತದೆ, ಮಳಿಗೆ ಅಂದು ತೆರೆದಿರುತ್ತದೆಯೇ ಎಂದು ಫೋನ್ ಮಾಡಿ ಕೇಳಿಕೊಂಡು. ಜೂನ್, ಜುಲೈನ ಜಿಟಿಜಿಟಿ ಮಳೆಯಲ್ಲಿ ಮೃಗಾಲಯ ಆಗದಿದ್ದರೆ ರೈಲು ನಿಲ್ದಾಣದ ಹತ್ತಿರದ ರೈಲ್ವೆ ವಸ್ತುಸಂಗ್ರಹಾಲಯ ಮಕ್ಕಳಿಗೆ ಹಿಡಿಸುತ್ತದೆ, ಒಂದು ಗಂಟೆಯಲ್ಲಿ ಮುಗಿಯುತ್ತದೆ. ಎಲ್ಲರಿಗೂ ಇನ್ನೂ ಹುರುಪಿದ್ದು ಅರ್ಧ ಗಂಟೆ ಮಿಕ್ಕಿದರೆ ಸಂತ ಫಿಲೋಮಿನಾ ಚರ್ಚು ಸಾಕು: ಇಳಿದು, ಒಳಗೆ ಕೂತು ನೋಡಿ, ಹೊರಡಬಹುದು.

ಮೈಸೂರು ಪಾಕನ್ನು ಕೊನೆಗೆ ಕೊಳ್ಳಿ, ಭಾನುವಾರ ಅರಮನೆಯಿಂದ ಬರುವ ದಾರಿಯಲ್ಲಿ, ಒಬ್ಬರೇ ಇಳಿದು. ಮೊದಲೇ ಕೊಂಡರೆ ಎರಡು ದಿನ ಚೀಲದಲ್ಲಿ ನುಗ್ಗಾಗುತ್ತದೆ, ಮನೆಯ ಮಕ್ಕಳೂ ಬಿಡುವುದಿಲ್ಲ. ಎಂಟಕ್ಕೆ ಮನೆಯಲ್ಲಿ ಚಪಾತಿ ಊಟ, ಒಂಬತ್ತೂಕಾಲಿಗೆ ನಿಲ್ದಾಣಕ್ಕೆ ಹೊರಡುವುದು. ಬೆಳಗಿನ ತಿಂಡಿಗೆಂದು ರೈಲಿಗೆ ಕಟ್ಟಿಕೊಡುವುದಾದರೆ ಮೊಸರನ್ನ ಬೇಡ, ಸೆಕೆಗೆ ಹುಳಿಯಾಗುತ್ತದೆ. ಪುಳಿಯೋಗರೆ ಕಟ್ಟಿಕೊಡಿ, ಚಿಕ್ಕಮ್ಮನಿಗೆ ಮಾತ್ರ ಬೇರೆ ಡಬ್ಬಿಯಲ್ಲಿ ಎರಡು ಚಪಾತಿ, ಒಣ ಪಲ್ಯ.